ಒಂದೇ ಇಂಡೆಕ್ಸ್, ಎರಡು ಫಂಡ್: ಹೆಡ್ಜ್ ಇರೋದಾ, ಇಲ್ದೇ ಇರೋದಾ?

ಬೇರೆ ದೇಶದ ಒಂದೇ ಷೇರ್ ಇಂಡೆಕ್ಸನ್ನ ನಾನು ಎರಡು ಥರ ಇಟ್ಕೊಂಡು ನೋಡ್ತಾ ಬಂದಿದೀನಿ, ಅರ್ಧ ದುಡ್ಡು ಕರೆನ್ಸಿ ಹೆಡ್ಜ್ ಮಾಡೋ, ಅಂದ್ರೆ ವಿನಿಮಯ ದರದ ಏರಿಳಿತ ತಟ್ಟದ ಹಾಗೆ ನೋಡ್ಕೊಳೋ ಫಂಡಲ್ಲಿ, ಇನ್ನರ್ಧ ಹೆಡ್ಜ್ ಇಲ್ದಿರೋದ್ರಲ್ಲಿ. ಒಳಗಿರೋ ಕಂಪನಿಗಳು ಅವೇ, ತೂಕಾನೂ ಅದೇ. ತಿಂಗಳ ಕೊನೇಲಿ ಎರಡರ ಎನ್‌ಎವಿ, ಅಲ್ಲಿನ ಕರೆನ್ಸೀಲಿ ಇಂಡೆಕ್ಸ್ ಎಷ್ಟಿದೆ, ಸ್ಪಾಟ್ ರೇಟ್ ಅಂದ್ರೆ ಆವತ್ತಿನ ವಿನಿಮಯ ದರ ಎಷ್ಟು, ಒಂದು ತಿಂಗಳ ಫಾರ್ವರ್ಡ್ ರೇಟ್ ಅಂದ್ರೆ ತಿಂಗಳಾದ ಮೇಲಿನ ವಿನಿಮಯಕ್ಕೆ ಆವತ್ತೇ ಗೊತ್ತು ಮಾಡೋ ದರ ಎಷ್ಟು, ಇಷ್ಟನ್ನೂ ಶೀಟಲ್ಲಿ ಬರ್ದಿಡ್ತೀನಿ. ಯಾವ ಫಂಡ್ ಗೆಲ್ತು ಅನ್ನೋದಕ್ಕಿಂತ ಯಾಕೆ ಗೆಲ್ತು ಅನ್ನೋದು ಈ ಫಾರ್ವರ್ಡ್ ರೇಟ್ ಕಾಲಮ್ಮಿಂದಾನೇ ಗೊತ್ತಾಗೋದು, ಆದ್ರೆ ಹೆಚ್ಚಿನವ್ರು ಅದನ್ನೇ ಬರ್ಕೊಳಲ್ಲ.

ಸಾಮಾನ್ಯವಾಗಿ ಹೇಳೋದೇನು ಅಂದ್ರೆ, ಅಲ್ಲಿನ ಕರೆನ್ಸಿ ಏರಿದ್ರೆ ಹೆಡ್ಜ್ ಇಲ್ದೇ ಇರೋದು ಗೆಲ್ಲತ್ತೆ, ಇಳಿದ್ರೆ ಹೆಡ್ಜ್ ಗೆಲ್ಲತ್ತೆ ಅಂತ. ಇದು ಪೂರ್ತಿ ಸರಿಯಲ್ಲ. ಹೆಡ್ಜ್ ಅಂದ್ರೆ ಫಂಡ್ ಅಲ್ಲಿನ ಕರೆನ್ಸಿಯನ್ನ ಮುಂದಿನ ತಾರೀಕಿಗೆ ಇವತ್ತೇ ಒಂದು ರೇಟಿಗೆ ಮಾರಿಡೋದು, ಆ ರೇಟು ಇವತ್ತಿನ ಸ್ಪಾಟ್ ಆಗಿರಲ್ಲ, ಎರಡು ದೇಶದ ಬಡ್ಡಿ ವ್ಯತ್ಯಾಸದಷ್ಟು ಆಚೆ ಈಚೆ ಇರತ್ತೆ. ನಮ್ಮಲ್ಲಿ ಬಡ್ಡಿ ಜಾಸ್ತಿ, ಅಲ್ಲಿ ಕಮ್ಮಿ ಅಂದ್ರೆ ಫಾರ್ವರ್ಡ್ ಸ್ಪಾಟಿಗಿಂತ ಮೇಲಿರತ್ತೆ, ಅಂದ್ರೆ ಹೆಡ್ಜ್ ಮಾಡೋನಿಗೆ ಆ ವ್ಯತ್ಯಾಸ ಸಿಗತ್ತೆ. ಉಲ್ಟಾ ಇದ್ರೆ ಅವನೇ ಕೊಡ್ಬೇಕು.

ದುಂಡು ಅಂಕಿ ಇಟ್ಕೊಂಡು ಲೆಕ್ಕ ಹಾಕೋಣ. ಅಲ್ಲಿನ 1,000 ಬೆಲೆಯ ಷೇರು, ಸ್ಪಾಟ್ 80, ಅಂದ್ರೆ ನಮ್ಮ ಕರೆನ್ಸೀಲಿ ಹಾಕಿದ್ದು 80,000. ನಮ್ಮ ಬಡ್ಡಿ 7%, ಅಲ್ಲಿನದು 4%. ಒಂದು ವರ್ಷದ ಫಾರ್ವರ್ಡ್ ಅಂದ್ರೆ 80ನ್ನ 1.07ರಿಂದ ಗುಣಿಸಿ 1.04ರಿಂದ ಭಾಗಿಸಿದ್ರೆ ಬರೋದು, ಸುಮಾರು 82.30. ಹೆಡ್ಜ್ ಮಾಡೋನು ಅಲ್ಲಿನ 1,000ವನ್ನ ಈ ರೇಟಿಗೆ ಮಾರಿಡ್ತಾನೆ. ವರ್ಷದಲ್ಲಿ ಷೇರು 10% ಏರಿ 1,100 ಆಯ್ತು ಅಂತ ಇಟ್ಕೊಳ್ಳಿ.

ಸ್ಪಾಟ್ 78ಕ್ಕೆ ಇಳಿದ್ರೆ ಹೆಡ್ಜ್ ಇಲ್ದವನ ಹತ್ರ 85,800 ಇರತ್ತೆ, 7.25% ಲಾಭ. ಹೆಡ್ಜ್ ಇದ್ದವನಿಗೆ ಅದರ ಮೇಲೆ ಕಾಂಟ್ರ್ಯಾಕ್ಟಿಂದ 4,300 ಬಂದು 90,100, ಸುಮಾರು 12.6%. ಸ್ಪಾಟ್ 86ಕ್ಕೆ ಏರಿದ್ರೆ ಹೆಡ್ಜ್ ಇಲ್ದವನಿಗೆ 94,600, ಅಂದ್ರೆ 18.25%, ಹೆಡ್ಜ್ ಇದ್ದವನು ಕಾಂಟ್ರ್ಯಾಕ್ಟಲ್ಲಿ 3,700 ಕಳ್ಕೊಂಡು 90,900ಕ್ಕೆ ನಿಲ್ತಾನೆ. ಇಲ್ಲಿವರೆಗೂ ಎಲ್ರೂ ಹೇಳೋ ಹಂಗೇ ಇದೆ.

ಈಗ ಸ್ಪಾಟ್ 82 ಆಯ್ತು ಅನ್ಕೊಳ್ಳಿ. ಅಲ್ಲಿನ ಕರೆನ್ಸಿ 2.5% ಏರಿದೆ, ಹೆಡ್ಜ್ ಇಲ್ದವನಿಗೆ 90,200 ಆಯ್ತು, ಆದ್ರೂ ಹೆಡ್ಜ್ ಇದ್ದವನಿಗೆ 90,500! ಯಾಕಂದ್ರೆ ಗೆರೆ ಇರೋದು 80ರಲ್ಲಲ್ಲ, 82.30ರಲ್ಲಿ. ಕರೆನ್ಸಿ ಏರಿತಾ ಅಂತ ಕೇಳೋದು ಸಾಲದು, ಫಾರ್ವರ್ಡಲ್ಲಿ ಆಗ್ಲೇ ಲೆಕ್ಕಕ್ಕೆ ಬಂದಿರೋದಕ್ಕಿಂತ ಜಾಸ್ತಿ ಏರಿತಾ ಅಂತ ಕೇಳ್ಬೇಕು. ನನ್ನ ಶೀಟಲ್ಲೂ ಇಂಥ ತಿಂಗಳುಗಳು ಬಂದಿವೆ, ಕರೆನ್ಸಿ ಸ್ವಲ್ಪ ಏರಿರತ್ತೆ, ಆದ್ರೂ ಹೆಡ್ಜ್ ಮಾಡೋ ಫಂಡೇ ಕೂದಲೆಳೆ ಮುಂದೆ ಇರತ್ತೆ, ಆ ಕಾಲಮ್ ಇಲ್ದಿದ್ರೆ ಎನ್‌ಎವಿ ತಪ್ಪಾಗಿದೆಯೇನೋ ಅನ್ಸತ್ತೆ.

ಇನ್ನೊಂದು ವಿಷ್ಯ ಮೇಲಿನ ಲೆಕ್ಕದಲ್ಲೇ ಇದೆ, ನೋಡಿ. ಪೂರ್ತಿ ಹೆಡ್ಜ್ ಅಂತ ಹೇಳಿದ್ರೂ ಹೆಡ್ಜ್ ಇದ್ದವನ ಮೊತ್ತ ಒಂದು ಕಡೆ 90,100, ಇನ್ನೊಂದು ಕಡೆ 90,900 ಆಗಿದೆ. ಕಾಂಟ್ರ್ಯಾಕ್ಟ್ ಮಾಡಿದ್ದು 1,000ಕ್ಕೆ, ಮಧ್ಯದಲ್ಲಿ ಬಂದ 100ರ ಲಾಭಕ್ಕೆ ಹೆಡ್ಜ್ ಇರ್ಲಿಲ್ಲ, ಅದು ಸ್ಪಾಟ್ ಜೊತೇನೇ ಓಡಾಡ್ತು. ಫಂಡ್‌ಗಳು ಸಾಮಾನ್ಯವಾಗಿ ಒಂದು ತಿಂಗಳ ಫಾರ್ವರ್ಡ್ ತಗೊಂಡು ತಿಂಗಳ ಕೊನೇಲಿ ರೋಲ್ ಮಾಡಿ, ಅಂದ್ರೆ ಹಳೇದನ್ನ ಮುಗಿಸಿ ಹೊಸದು ತಗೊಂಡು, ಮೊತ್ತ ಸರಿ ಮಾಡ್ಕೊಳೋದು ಇದಕ್ಕೇ, ಹಾಗಾಗಿ ಈ ವ್ಯತ್ಯಾಸ ಚಿಕ್ಕದಾಗತ್ತೆ, ಪೂರ್ತಿ ಹೋಗಲ್ಲ.

ನಿಜವಾದ ಪರೀಕ್ಷೆ ಅಂದ್ರೆ ಷೇರು ಬಿದ್ದಾಗ. ಅದೇ ಲೆಕ್ಕದಲ್ಲಿ ಷೇರು 30% ಬಿದ್ದು 700 ಆಯ್ತು, ಆದ್ರೆ ಅಲ್ಲಿನ ಕರೆನ್ಸಿ ಎಲ್ರೂ ಗಾಬರೀಲಿ ಓಡಿಹೋಗೋ ಕರೆನ್ಸಿ, ಅದಕ್ಕೇ 90ಕ್ಕೆ ಏರ್ತು. ಹೆಡ್ಜ್ ಇಲ್ದವನ ಹತ್ರ 63,000, ನಷ್ಟ 21.25%. ಹೆಡ್ಜ್ ಇದ್ದವನು ಅದ್ರಿಂದ ಇನ್ನೂ 7,700 ಕೊಡ್ಬೇಕು, ಉಳಿಯೋದು 55,300, ಸುಮಾರು 31% ನಷ್ಟ. ಷೇರೇ 30% ಬಿದ್ದಿದ್ದು, ಇವನದ್ದು ಅದಕ್ಕಿಂತ ಜಾಸ್ತಿ, ಯಾಕಂದ್ರೆ ಕೈಲಿರೋದು 700, ಮಾರಿಟ್ಟಿದ್ದು 1,000. ಆ 7,700 ನಗದಾಗೇ ಕೊಡ್ಬೇಕು ಬೇರೆ, ಕೈಲಿ ಕ್ಯಾಶ್ ಇಲ್ಲಾಂದ್ರೆ ಬಿದ್ದಿರೋ ರೇಟಲ್ಲೇ ಷೇರು ಮಾರ್ಬೇಕು. ತಿಂಗಳಿಗೊಮ್ಮೆ ರೋಲ್ ಮಾಡೋದ್ರಲ್ಲಿ ಮೊತ್ತ ಇಷ್ಟು ಕೆಡಲ್ಲ, ಆದ್ರೆ ದುಡ್ಡು ಕೊಡೋದು ಅಲ್ಲೂ ತಪ್ಪಲ್ಲ. ನನಗಂತೂ ಹೆಡ್ಜಿನ ದೊಡ್ಡ ತೊಂದರೆ ಇದೇ ಅನ್ಸತ್ತೆ, ವರ್ಷದ ರಿಟರ್ನ್ ಟೇಬಲಲ್ಲಿ ಇದು ಕಾಣೋದೇ ಇಲ್ಲ.

2022ರಲ್ಲಿ ಹಿಂಗೇ ಆಯ್ತು. ಎಸ್ ಅಂಡ್ ಪಿ 500 ಡಾಲರಲ್ಲಿ ಡಿವಿಡೆಂಡ್ ಸೇರ್ಸಿ ಸುಮಾರು 18% ಬಿತ್ತು, ಅದೇ ವರ್ಷ ಯೂರೋ 1.137 ಡಾಲರಿಂದ 1.07ಕ್ಕೆ ಇಳೀತು, ಹಾಗಾಗಿ ಹೆಡ್ಜ್ ಮಾಡದ ಯೂರೋ ಹೂಡಿಕೆದಾರನಿಗೆ ಬಿದ್ದಿದ್ದು ಸುಮಾರು 13% ಮಾತ್ರ. ಹೆಡ್ಜ್ ಮಾಡಿದವನಿಗೆ ಆ 18 ಪೂರ್ತಿ ಹೋಯ್ತು, ಡಾಲರ್ ಬಡ್ಡಿ ಯೂರೋ ಬಡ್ಡಿಗಿಂತ ಜಾಸ್ತಿ ಇದ್ದಿದ್ರಿಂದ ಆ ವ್ಯತ್ಯಾಸಾನೂ ಅವನ ಕೈಯಿಂದಾನೇ ಹೋಯ್ತು.

ಜಪಾನ್ ಕಥೆ ಪೂರ್ತಿ ಉಲ್ಟಾ. 2013ರಲ್ಲಿ ನಿಕ್ಕೇ ಯೆನ್‌ನಲ್ಲಿ 56.7% ಏರ್ತು, ಆದ್ರೆ ಡಾಲರಿಗೆ ಸುಮಾರು 87 ಯೆನ್ ಇದ್ದಿದ್ದು 105 ಆಯ್ತು, ಹೆಡ್ಜ್ ಇಲ್ದ ಡಾಲರ್ ಹೂಡಿಕೆದಾರನಿಗೆ ಸಿಕ್ಕಿದ್ದು ಅದರ ಅರ್ಧದಷ್ಟು, ಸುಮಾರು 29%. ಯೆನ್ ಬಿದ್ದಷ್ಟೂ ಅಲ್ಲಿನ ರಫ್ತು ಕಂಪನಿಗಳ ಲಾಭ ಏರ್ತಿತ್ತು, ಅಂದ್ರೆ ಷೇರು ಮೇಲೆ, ಕರೆನ್ಸಿ ಕೆಳಗೆ. ಆಗ ಡಾಲರ್, ಯೆನ್ ಎರಡ್ರಲ್ಲೂ ಬಡ್ಡಿ ಸೊನ್ನೆ ಹತ್ರ ಇದ್ದಿದ್ರಿಂದ ಹೆಡ್ಜಿಗೆ ಖರ್ಚೇ ಇಲ್ಲ ಅನ್ಬಹುದಿತ್ತು. 2023ರ ಕೊನೆ ಹೊತ್ತಿಗೆ ಫೆಡ್ ದರ 5.25ರಿಂದ 5.50%, ಬ್ಯಾಂಕ್ ಆಫ್ ಜಪಾನ್ ಇನ್ನೂ ಮೈನಸ್ 0.1%. ಆವಾಗ ಡಾಲರ್ ಹೂಡಿಕೆದಾರ ಜಪಾನ್ ಷೇರಿಗೆ ಹೆಡ್ಜ್ ಮಾಡಿದ್ರೆ ವರ್ಷಕ್ಕೆ 5%ಕ್ಕಿಂತ ಜಾಸ್ತಿ ಅವನಿಗೇ ಸಿಗ್ತಿತ್ತು, ಅಮೆರಿಕನ್ ಷೇರಿಗೆ ಹೆಡ್ಜ್ ಮಾಡೋ ಜಪಾನಿನವನು ಅಷ್ಟನ್ನೇ ಕೊಡ್ಬೇಕಿತ್ತು.

ಇಷ್ಟೆಲ್ಲಾ ನೋಡಿ ನಾನು ಮಾಡ್ತಿರೋದು ಏನಂದ್ರೆ, ಷೇರು ಬಿದ್ದಾಗ ಏರೋ ಕರೆನ್ಸಿ ಆಗಿದ್ರೆ ಹೆಡ್ಜ್ ಇಲ್ದೇ ಇಟ್ಕೊಳ್ತೀನಿ, ಫಾರ್ವರ್ಡಲ್ಲಿ ಒಂದೆರಡು ಪರ್ಸೆಂಟ್ ಸಿಗ್ತಿದ್ರೂ ಸರಿ, ಆ ಗಾಬರಿ ದಿನಗಳಲ್ಲಿ ಸಿಗೋ ರಕ್ಷಣೆಗೆ ಅದನ್ನ ಬಿಟ್ಟುಕೊಡ್ತೀನಿ. ಷೇರಿನ ಜೊತೇನೇ ಬೀಳೋ ಕರೆನ್ಸಿ ಆಗಿದ್ದು, ಫಾರ್ವರ್ಡ್ ದುಬಾರಿ ಇಲ್ಲಾಂದ್ರೆ ಹೆಡ್ಜ್ ಮಾಡೋ ಫಂಡೇ ನನಗೆ ಇಷ್ಟ. ದುಬಾರಿ ಇದ್ರೆ ಅರ್ಧರ್ಧ.

ಹೆಡ್ಜ್ ಮಾಡೋ ಫಂಡ್ ತಗೊಂಡಿರೋರು ಒಂದು ಚೆಕ್ ಮಾಡಿ: ಅಲ್ಲಿನ ಕರೆನ್ಸೀಲಿ ಇಂಡೆಕ್ಸಿನ ವರ್ಷದ ರಿಟರ್ನಿಗೆ, ನಮ್ಮ ಬಡ್ಡಿ ಜಾಸ್ತಿ ಇದ್ರೆ ಬಡ್ಡಿ ವ್ಯತ್ಯಾಸ ಸೇರ್ಸಿ, ಕಮ್ಮಿ ಇದ್ರೆ ಕಳೀರಿ, ಆಮೇಲೆ ಫಂಡ್ ಖರ್ಚು ಕಳೀರಿ, ನಿಮ್ಮ ಫಂಡ್ ಹೆಚ್ಚುಕಮ್ಮಿ ಅಲ್ಲೇ ಇರ್ಬೇಕು. ಷೇರು ಜೋರಾಗಿ ಏರಿಳಿದ ವರ್ಷದಲ್ಲಿ ಸ್ವಲ್ಪ ಆಚೀಚೆ ಆಗೋದು ಸಹಜ, ಆದ್ರೆ ಶಾಂತವಾಗಿದ್ದ ವರ್ಷದಲ್ಲೂ ಒಂದು ಪರ್ಸೆಂಟಿಗಿಂತ ಜಾಸ್ತಿ ಹಿಂದೆ ಬಿದ್ದಿದ್ರೆ ರೋಲ್ ಮಾಡೋದ್ರಲ್ಲೋ, ಹೆಡ್ಜ್ ಮೊತ್ತದಲ್ಲೋ ದುಡ್ಡು ಸೋರ್ತಿದೆ, ಫಂಡಿನವ್ರಿಗೆ ಹೆಡ್ಜ್ ಅನುಪಾತ ಎಷ್ಟಿಟ್ಟಿದೀರಾ, ಎಷ್ಟು ದಿನಕ್ಕೊಮ್ಮೆ ಸರಿ ಮಾಡ್ತೀರಾ ಅಂತ ಬರೆದು ಕೇಳಿ.