ಉದ್ದ ವಿಡಿಯೋನ ತುಂಡು ಮಾಡ್ಸಿ ಶಾರ್ಟ್ಸ್ ಹಾಕ್ಸೋರು ಇದನ್ನ ಓದಿ ಆಮೇಲೆ ದುಡ್ಡು ಕೊಡಿ

ದಾವಣಗೆರೆ, ಚಿತ್ರದುರ್ಗ ಕಡೆ ಸಣ್ಣಪುಟ್ಟ ಚಾನೆಲ್ ನಡೆಸೋ ಸುಮಾರು ಜನಕ್ಕೆ ಈಗ ಇಂಥ ಮೆಸೇಜ್ ಬರ್ತಿದೆ. "ಸರ್ ನಿಮ್ಮ ಒಂದು ಲಾಂಗ್ ವಿಡಿಯೋ ಕೊಡಿ ಸಾಕು, ಇಪ್ಪತ್ತು ಶಾರ್ಟ್ಸ್ ಮಾಡಿ ನಾವೇ ಹಾಕ್ತೀವಿ, ಹೊಸ ಜನ ಬರ್ತಾರೆ, ಮಾನಿಟೈಸೇಷನ್ ಬೇಗ ಆಗುತ್ತೆ." ನಮ್ಮಣ್ಣನ ಚಾನೆಲ್‌ಗೂ ಇಂಥದ್ದೇ ಒಂದು ಎಡಿಟಿಂಗ್ ಟೀಮ್ ಬಂದಿತ್ತು. ಹೆಸರು ಹೇಳಲ್ಲ, ಯಾಕಂದ್ರೆ ಇದೇ ಕೆಲಸ ಮಾಡೋರು ಇನ್ನೂ ತುಂಬಾ ಜನ ಇದಾರೆ. ಅವ್ರು ಕೆಲಸ ಹೆಂಗೆ ಮಾಡ್ತಾರೆ, ಎಲ್ಲಿ ಹೊಡೆತ ಬೀಳುತ್ತೆ ಅನ್ನೋದನ್ನಷ್ಟೇ ಹೇಳ್ತೀನಿ.

ಅಣ್ಣಂದು ಕೃಷಿ ಚಾನೆಲ್, ಜಾಸ್ತಿ ಮೆಕ್ಕೆಜೋಳದ ಬಗ್ಗೆನೇ. 2018ರಲ್ಲಿ ಶಿವಮೊಗ್ಗ ಕಡೆ ಕಾಣಿಸ್ಕೊಂಡ ಸೈನಿಕ ಹುಳ ಆಮೇಲೆ ನಮ್ಮ ಜಿಲ್ಲೆಗೂ ಬಂತಲ್ಲ, ಅದರ ಮೇಲೆ ಅವ್ನು ಹೊಲದಲ್ಲೇ ನಿಂತು ಒಂದು ಉದ್ದ ವಿಡಿಯೋ ಮಾಡಿದ್ದ, ಮೊಟ್ಟೆ ಎಲೆ ಮೇಲೆ ಹೆಂಗೆ ಕಾಣುತ್ತೆ, ಸುಳಿ ಒಳಗೆ ಲದ್ದಿ ಹೆಂಗೆ ನೋಡೋದು, ಔಷಧಿ ಯಾವ ಟೈಮಲ್ಲಿ ಹೊಡೀಬೇಕು, ಎಲ್ಲ ಇತ್ತು. ಆ ವಿಡಿಯೋನೇ ಅವ್ರು ಮೊದಲು ತಗೊಂಡಿದ್ದು.

ಶಾರ್ಟ್ಸ್ ಬಂದ್ವು, ವ್ಯೂಸೂ ಬಂದ್ವು, ಕೆಲವಕ್ಕೆ ಸಾವಿರಗಟ್ಟಲೆ, ಒಂದಕ್ಕೆ ಲಕ್ಷ ದಾಟಿತ್ತು. ಅವ್ರು ಸ್ಕ್ರೀನ್‌ಶಾಟ್ ಕಳ್ಸಿ ವ್ಯೂಸ್ ಲೆಕ್ಕದಲ್ಲೇ ಬಿಲ್ ಕೇಳಿದ್ರು. ಇಲ್ಲೇ ಮೊದಲನೇದು ಗೊತ್ತಿರ್ಬೇಕು. 2025ರ ಮಾರ್ಚ್ 31ರಿಂದ ಯೂಟ್ಯೂಬ್‌ನಲ್ಲಿ ಶಾರ್ಟ್ ಪ್ಲೇ ಆಗೋಕೆ ಶುರುವಾದ್ರೆ ಸಾಕು ಅದು ಒಂದು ವ್ಯೂ, ಮತ್ತೆ ರಿಪೀಟ್ ಆದ್ರೆ ಇನ್ನೊಂದು, ನೋಡೋರು ಅರ್ಧ ಸೆಕೆಂಡಲ್ಲಿ ಮೇಲಕ್ಕೆ ತಳ್ಳಿದ್ರೂ ಲೆಕ್ಕ. ದುಡ್ಡಿಗೆ, ಅರ್ಹತೆಗೆ ಹಿಡಿಯೋದು ಬೇರೆ ನಂಬರ್, ಸ್ಟುಡಿಯೋ ಅನಲಿಟಿಕ್ಸ್‌ನಲ್ಲಿ Engaged views ಅಂತ ಇರುತ್ತೆ. ಯಾರಿಗಾದ್ರೂ ವ್ಯೂಸ್ ಲೆಕ್ಕದಲ್ಲಿ ಕೊಡೋದಾದ್ರೆ ಆ ನಂಬರ್ ಮೇಲೇ ಮಾತಾಡಿ, ಹೊರಗೆ ಕಾಣೋ ನಂಬರ್ ಮೇಲೆ ಬೇಡ.

ಇನ್ನು ಮಾನಿಟೈಸೇಷನ್. ಪೂರ್ತಿ ಜಾಹೀರಾತು ಆದಾಯ ಬೇಕಂದ್ರೆ 1000 ಸಬ್‌ಸ್ಕ್ರೈಬರ್ ಜೊತೆಗೆ ವರ್ಷದೊಳಗೆ 4000 ಗಂಟೆ ವಾಚ್ ಟೈಮ್ ಆಗ್ಬೇಕು, ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಶಾರ್ಟ್ಸ್ ಫೀಡಲ್ಲಿ ಜನ ನೋಡಿದ ಟೈಮು ಆ 4000 ಗಂಟೆಗೆ ಸೇರಲ್ಲ. ಇದನ್ನ ಅವ್ರು ಒಂದು ಸಲನೂ ಬಾಯಿ ಬಿಟ್ಟು ಹೇಳಿರ್ಲಿಲ್ಲ. ಅಂದ್ರೆ ನಮ್ಮಂಥ ಚಾನೆಲ್‌ಗೆ ಕ್ಲಿಪ್ಪಿಂದ ಲಾಭ ಆಗ್ಬೇಕಂದ್ರೆ ಇರೋದು ಒಂದೇ ದಾರಿ, ಕ್ಲಿಪ್ ನೋಡಿದೋರು ಉದ್ದ ವಿಡಿಯೋಗೆ ಬರ್ಬೇಕು. ಅಣ್ಣನ ಉದ್ದ ವಿಡಿಯೋ ಗ್ರಾಫ್ ತೆಗೆದು ನೋಡಿದ್ರೆ ಎಲ್ಲಿತ್ತೋ ಅಲ್ಲೇ ಮಲಗಿತ್ತು.

ಯಾಕೆ ಅಂತ ನೋಡಿದ್ರೆ, ಎಲ್ಲಾ ಶಾರ್ಟ್ಸ್ ಕೆಳಗೆ ಕಾಮೆಂಟಲ್ಲಿ "ಫುಲ್ ವಿಡಿಯೋ ಲಿಂಕ್ ಇಲ್ಲಿದೆ" ಅಂತ ಪೇಸ್ಟ್ ಮಾಡಿದ್ರು. ಶಾರ್ಟ್ಸ್‌ನ ಕಾಮೆಂಟಲ್ಲಿ, ಡಿಸ್ಕ್ರಿಪ್ಷನ್ನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಿದ್ರೂ ತೆರೆಯಲ್ಲ, ಸುಮ್ನೆ ಅಕ್ಷರ ಅಷ್ಟೇ. ಅದಕ್ಕೆ ಅಂತಲೇ ಸ್ಟುಡಿಯೋದಲ್ಲಿ ಶಾರ್ಟ್ ಓಪನ್ ಮಾಡಿದ್ರೆ Related video ಅಂತ ಒಂದು ಜಾಗ ಐತೆ, ಅಲ್ಲಿ ಉದ್ದ ವಿಡಿಯೋ ಆರಿಸಿದ್ರೆ ಶಾರ್ಟ್ ಮೇಲೇ ಒತ್ತೋಕೆ ಬರೋ ಹಾಗೆ ಅದರ ಹೆಸರು ಕಾಣುತ್ತೆ. ಒಂದಕ್ಕೂ ಹಾಕಿರ್ಲಿಲ್ಲ. ಇಂಥ ಕೆಲಸ ಮಾಡೋರು ಬಂದ್ರೆ ಅವ್ರ ಹಳೇ ಕೆಲಸದ ಎರಡು ಶಾರ್ಟ್ಸ್ ಮೊಬೈಲಲ್ಲಿ ತೆಗೆದು ಆ ಲಿಂಕ್ ಐತಾ ನೋಡಿ, ಅಲ್ಲೇ ಅರ್ಧ ಗೊತ್ತಾಗುತ್ತೆ.

ಅಡ್ಡ ವಿಡಿಯೋನ ಉದ್ದಕ್ಕೆ ಕತ್ತರಿಸಿದ್ದೂ ಹಂಗೇ. 16:9 ಚಿತ್ರನ 9:16 ಮಾಡಿದ್ರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಉಳಿಯುತ್ತೆ. ಅಣ್ಣ ಬಲಗೈಲಿ ಎಲೆ ಹಿಡ್ಕೊಂಡು "ಇಲ್ನೋಡಿ ಮೊಟ್ಟೆ" ಅಂತಾನೆ, ಕ್ಲಿಪ್ಪಲ್ಲಿ ಎಲೆನೇ ಇಲ್ಲ, ಬರೀ ಅವನ ಮುಖ ಮತ್ತೆ ಭುಜ. ಅದನ್ನ ನೋಡಿ ಯಾವ ರೈತ ಏನು ಕಲೀತಾನೆ ಹೇಳಿ.

ಇದೆಲ್ಲ ದುಡ್ಡಿನ ಮಾತಾಯ್ತು, ಹೋಗ್ಲಿ ಅನ್ಬೋದು. ಆ ಲಕ್ಷ ವ್ಯೂಸ್ ಕ್ಲಿಪ್ ಇದೆಯಲ್ಲ, ಅದು ನಿಜವಾಗ್ಲೂ ಹೊಟ್ಟೆ ಉರಿಸಿದ್ದು. ಮೂಲ ವಿಡಿಯೋದಲ್ಲಿ ಅಣ್ಣ ಹೇಳಿರೋದು ಹಿಂಗೆ: "ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರ್‌ಗೆ ಒಂದು ಗ್ರಾಂ ಹಾಕಿ, ಹುಳ ಒಂದೇ ದಿನಕ್ಕೆ ಖಾಲಿ... ಅಂತ ಅಂಗಡೀಲಿ ಹೇಳ್ತಾರೆ, ಅದನ್ನ ನಂಬಬೇಡಿ, ಲೀಟರ್‌ಗೆ 0.4 ಗ್ರಾಂ ಸಾಕು." ಕ್ಲಿಪ್ ಮುಗಿಯೋದು "ಒಂದೇ ದಿನಕ್ಕೆ ಖಾಲಿ" ಅನ್ನೋ ಹತ್ರ, ಆಮೇಲೆ ಢಂ ಅಂತ ಮ್ಯೂಸಿಕ್ಕು. ಕನ್ನಡದಲ್ಲಿ ನಾವು ಮಾತಾಡೋದೇ ಹಂಗಲ್ವಾ, ಬೇರೆಯೋರು ಹೇಳಿದ್ದನ್ನೆಲ್ಲ ಮೊದಲು ಹೇಳಿ ಕೊನೆಗೆ "ಅಂತಾರೆ" ಅಂತೀವಿ, ಬೇಡ ಅನ್ನೋದೂ ಕೊನೆಗೇ ಬರೋದು. ಆ ಬಾಲ ಕತ್ತರಿಸಿದ್ರೆ ಬೇಡ ಅಂದಿದ್ದು ಮಾಡಿ ಅನ್ನೋ ಹಾಗೆ ಕೇಳುತ್ತೆ. ಎಡಿಟ್ ಮಾಡಿದ ಹುಡುಗ ಜೋರಾಗಿರೋ ಮಾತು ಎಲ್ಲೈತೆ ಅಂತ ನೋಡಿದ್ನೇ ಹೊರತು ಮಾತು ಎಲ್ಲಿ ಮುಗೀತು ಅಂತ ನೋಡಿಲ್ಲ.

ಜಗಳೂರು ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದ್ರು. "ಏನಪ್ಪಾ ತಮ್ಮಾ, ನಿಮ್ಮಣ್ಣ ಒಂದು ಗ್ರಾಂ ಅಂದಾನೆ, ಡಬ್ಬಿ ಮ್ಯಾಲೆ ಬ್ಯಾರೇನೇ ಐತಲ್ಲ, ಯಾವುದು ಖರೆ? ನಾ ಆಗ್ಲೇ ಔಷಧಿ ತಂದೀನಿ." ಬೇಕಾಗಿದ್ದಕ್ಕಿಂತ ಎರಡೂವರೆ ಪಟ್ಟು ತಂದಿದ್ರು. ಆ ಸೊಪ್ಪೆನೇ ಅವ್ರ ಎಮ್ಮೆಗೂ ಹಾಕೋದು. ಪುಣ್ಯಕ್ಕೆ ಡಬ್ಬಿ ಓದಿ ಫೋನ್ ಮಾಡಿದ್ರು, ಓದದೇ ಹೊಡೆದೋರು ಎಷ್ಟು ಜನ ಇದಾರೋ ಅಂತ ಅಣ್ಣ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಟೀಮ್‌ಗೆ ಫೋನ್ ಮಾಡಿದ್ರೆ "ಸರ್ ಅದೇ ವೈರಲ್ ಆಗಿರೋದು, ತೆಗೆದ್ರೆ ರೀಚ್ ಹೋಗುತ್ತೆ" ಅಂತ ಉತ್ತರ. ಅಪ್‌ಲೋಡ್ ಆದ ಶಾರ್ಟ್‌ಗೆ ಅದೇ ಲಿಂಕಲ್ಲಿ ಬೇರೆ ಫೈಲ್ ಹಾಕೋಕೆ ಬರಲ್ಲ, ಡಿಲೀಟ್ ಮಾಡ್ಲೇಬೇಕು. ಮಾಡಿದ್ವಿ. ಅಷ್ಟರಲ್ಲಿ ಅವ್ರದ್ದೇ ಇನ್ನೊಂದು ಯೂಟ್ಯೂಬ್ ಚಾನೆಲ್‌ನಲ್ಲೂ ಅದೇ ಕ್ಲಿಪ್ ಹಾಕಿದ್ದು ಸಿಕ್ತು, ಅದಕ್ಕೆ ಸ್ಟುಡಿಯೋದಿಂದ ಕಾಪಿರೈಟ್ ರಿಮೂವಲ್ ರಿಕ್ವೆಸ್ಟ್ ಕೊಟ್ಟು ತೆಗೆಸಿದ್ವಿ. ನಿಮ್ಮ ಕ್ಲಿಪ್ಪಲ್ಲಿರೋ ಮೊದಲನೇ ಮಾತನ್ನ ಹಂಗೇ ಟೈಪ್ ಮಾಡಿ ಹುಡುಕಿ, ಬೇರೆ ಕಡೆ ಇದ್ರೆ ಎಷ್ಟೋ ಸಲ ಸಿಗುತ್ತೆ.

ಪಾಸ್‌ವರ್ಡ್ ಕೇಳಿದ್ರೂ ಕೊಡ್ಬೇಡಿ. ಸ್ಟುಡಿಯೋದಲ್ಲಿ Settings ಒಳಗೆ Permissions ಅಂತ ಐತೆ, ಅಲ್ಲಿ ಅವ್ರ ಜಿಮೇಲ್‌ಗೆ Editor (Limited) ಅಂತ ಕೊಟ್ರೆ ಆದಾಯದ ಲೆಕ್ಕ ಅವ್ರಿಗೆ ಕಾಣಲ್ಲ, ಬೇಡ ಅಂದಾಗ ತೆಗೆದೂ ಹಾಕ್ಬೋದು. ಅಪ್‌ಲೋಡ್ ಮಾಡಿದ್ರೂ ಪ್ರೈವೇಟ್ ಆಗಿ ಇಡೋಕೆ ಹೇಳಿ, ಪಬ್ಲಿಕ್ ಮಾಡೋದು ನೀವೇ ಮಾಡಿ. ಪ್ರತಿ ಕ್ಲಿಪ್‌ನ ಕೊನೆ ಮಾತು ಮೂಲ ವಿಡಿಯೋದಲ್ಲಿ ಮುಂದೆ ಹೆಂಗೆ ಹೋಗುತ್ತೆ ಅಂತ ಹತ್ತು ಸೆಕೆಂಡ್ ಕೇಳಿ. ಔಷಧಿ, ಗೊಬ್ಬರ, ಮದ್ದು, ಸಾಲ, ಬಡ್ಡಿ, ಇಂಥ ಲೆಕ್ಕ ಇರೋ ಜಾಗನ ಕ್ಲಿಪ್ಪೇ ಮಾಡಿಸ್ಬೇಡಿ, ಮಾಡ್ಸಿದ್ರೂ ಸರಿ ಪ್ರಮಾಣ ಸ್ಕ್ರೀನ್ ಮೇಲೆ ಶುರುವಿಂದ ಕೊನೆವರೆಗೂ ಬರೆದೇ ಇರ್ಲಿ.

ಈಗ ಅಣ್ಣನೇ ಮೊಬೈಲ್ ನೆಟ್ಟಗೆ ಹಿಡ್ಕೊಂಡು ಒಂದೊಂದೇ ವಿಷ್ಯ ಬೇರೆಯಾಗಿ ಮಾತಾಡ್ತಾನೆ, ಉದ್ದ ವಿಡಿಯೋ ಶೂಟ್ ಮಾಡೋ ದಿನನೇ ಇದೂ ಆಗುತ್ತೆ. ಸಂಖ್ಯೆ ಕಮ್ಮಿ, ಆದ್ರೆ Related video ಒತ್ತಿ ಬರೋರು ಕಾಣ್ತಿದಾರೆ.

ಆ ಹಳೇ ಕ್ಲಿಪ್ ವಾಟ್ಸಾಪ್ ಗ್ರೂಪಲ್ಲಿ ಇನ್ನೂ ಓಡಾಡ್ತಿದೆ, ಅದನ್ನ ತೆಗೆಯೋಕೆ ನಮ್ಮ ಕೈಲಿ ಆಗಲ್ಲ. ನಿಮ್ಮ ಗ್ರೂಪಿಗೆ ಬಂದ್ರೆ ದಯವಿಟ್ಟು ಕೆಳಗೆ ಇಷ್ಟು ಬರೀರಿ: ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, 15 ಲೀಟರ್ ಟ್ಯಾಂಕ್‌ಗೆ 6 ಗ್ರಾಂ, 15 ಅಲ್ಲ.