ಎರಡು ನಾಲ್ಕೋ, ಎರಡು ಆರೋ? ತೆಳುವೋ, ದಪ್ಪವೋ?

ಹೋದ ಶ್ರಾವಣದಲ್ಲಿ ಹಸಿರು ಗಾಜಿನ ಬಳೆ ಮೂರು ಬಗೆ ತಂದು, ಒಂದೊಂದನ್ನೂ ಹದಿನೈದು ದಿನ ತೊಟ್ಟು ನೋಡಿದೆ: 2.4ರ ತೆಳು, 2.6ರ ತೆಳು, 2.6ರ ದಪ್ಪ.

ಅಳತೆಯ ಲೆಕ್ಕ ಹೀಗಿದೆ. 2.6 ಅಂದರೆ ಬಳೆಯ ಒಳಗಿನ ಅಡ್ಡಳತೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ಆರು ಪಾಲು. ಹಾಗಾಗಿ 2.8ಕ್ಕಿಂತ 2.10 ದೊಡ್ಡದು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳ ಮೇಲೆ ಟೇಪು ಸುತ್ತಿದಾಗ ನನ್ನ ಕೈ 18.5 ಸೆಂ.ಮೀ. ಬಂತು. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 5.9. 2.4ರ ಬಳೆ 5.7 ಸೆಂ.ಮೀ., 2.6ರದ್ದು 6 ಸೆಂ.ಮೀ. ನಾನು ಸರಿಯಾಗಿ ನಡುವೆ ಸಿಕ್ಕಿಕೊಂಡೆ.

2.4ರ ತೆಳುಬಳೆ ಸೋಪಿನ ನೊರೆ ಹಚ್ಚಿಕೊಂಡರೆ ಮಾತ್ರ ಏರಿತು. ಡಜನ್ನಿನಲ್ಲಿ ಎರಡು ಏರಿಸುವಾಗಲೇ ಒಡೆದವು, ಎರಡೂ ಬೆಸುಗೆಯ ಜಾಗದಲ್ಲೇ. ಆದರೆ ಒಮ್ಮೆ ಮಣಿಕಟ್ಟು ಸೇರಿದ ಮೇಲೆ ಉಳಿದ ಹತ್ತೂ ಗಟ್ಟಿಯಾಗಿ ನಿಂತವು. 2.6ರ ತೆಳುಬಳೆ ಸಲೀಸಾಗಿ ಏರಿತು, ಅಷ್ಟೇ ಸಲೀಸಾಗಿ ಗೆಣ್ಣಿನವರೆಗೆ ಜಾರಿತು. ಪಾತ್ರೆ ತೊಳೆಯುವಾಗ ಸಿಂಕಿನ ಅಂಚಿಗೆ ತಾಗಿ ನಾಲ್ಕು ಹೋದವು. ದಪ್ಪದ್ದು ಒಂದೂ ಒಡೆಯಲಿಲ್ಲ, ಆದರೆ 2.6 ಆದರೂ ಬಿಗಿ ಅನ್ನಿಸಿತು. ತೆಳುಬಳೆಯನ್ನು ಓರೆ ಮಾಡಿ ಗೆಣ್ಣು ದಾಟಿಸಬಹುದು, ಅಗಲದ ಬಳೆಗೆ ಆ ಅವಕಾಶ ಕಡಿಮೆ. ದಪ್ಪದ್ದನ್ನೂ ತೆಳುವನ್ನೂ ಬೆರೆಸಿ ತೊಟ್ಟ ದಿನ ಪೆಟ್ಟು ತಿಂದದ್ದು ತೆಳುವೇ.

ದಿನಬಳಕೆಗೆ ನನ್ನ ಆಯ್ಕೆ 2.4ರ ತೆಳು. ತಂಗಿಯ ಸೀಮಂತಕ್ಕೆ ಮಾತ್ರ ಅವಳ ಎಂದಿನ 2.4 ಬಿಟ್ಟು 2.6 ತಂದೆ. ಬಸುರಿನಲ್ಲಿ ಕೈ ಊದಿರುತ್ತದೆ, ಅಳತೆಯನ್ನೂ ಸಂಜೆಯೇ ತೆಗೆದುಕೊಂಡೆ. "ಅಕ್ಕಾ, ನೋವೇ ಆಗ್ಲಿಲ್ಲ ಕಣೇ" ಅಂದಳು.

ಕೊಳ್ಳುವಾಗ ಒಂದೊಂದನ್ನೂ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟುತ್ತೇನೆ. ಗಟ್ಟಿ ಬಳೆ ಕಿಣ್ ಅನ್ನುತ್ತದೆ, ಬಿರುಕಿದ್ದರೆ ಸದ್ದು ಮೊಂಡು. ಬೆಸುಗೆಯ ಮೇಲೆ ಬೆರಳಾಡಿಸಿದಾಗ ಗಂಟು ಚುಚ್ಚಿದರೆ ಅದನ್ನು ಪಕ್ಕಕ್ಕಿಡುತ್ತೇನೆ.

ಸೀಮಂತಕ್ಕೆ ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಡಜನ್ ಒಯ್ದೆ. ಎರಡು ಡಜನ್ ಅಂಗಡಿಯವರು ಕೊಟ್ಟ ರಟ್ಟಿನ ಡಬ್ಬಿಯಲ್ಲೇ ಇದ್ದವು, ಐದು ಚೂರಾಗಿದ್ದವು. ಡಬ್ಬಿಯೊಳಗೆ ಆಡಲು ಜಾಗವಿತ್ತು. ಉಳಿದೆರಡು ಡಜನ್ನಿಗೆ ತೆಳು ಟವೆಲನ್ನು ಬಳೆಯ ಒಳಗೆ ಬಿಗಿಯಾಗುವಷ್ಟು ದಪ್ಪಕ್ಕೆ ಸುರುಳಿ ಸುತ್ತಿ, ಬಳೆಗಳನ್ನು ಒತ್ತೊತ್ತಾಗಿ ಪೋಣಿಸಿ, ಎರಡೂ ತುದಿ ದಾರದಿಂದ ಕಟ್ಟಿದ್ದೆ. ಅಲುಗಿಸಿದಾಗ ಒಂದು ಸದ್ದೂ ಬರುತ್ತಿರಲಿಲ್ಲ. ಇಪ್ಪತ್ತನಾಲ್ಕೂ ತಂಗಿಯ ಕೈ ಸೇರಿದವು.